ಉದ್ದ ತೊಲೆ, ಗಿಡ್ಡ ತೊಲೆ: ಭಾರ ಯಾರ ಪಾಲಿಗೆ ಎಷ್ಟು?

6 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ವರ್ಕ್‌ಶಾಪ್ ಎಂದಿಟ್ಟುಕೊಳ್ಳೋಣ. ನಟ್ಟನಡುವೆ, ತಲೆಯ ಮೇಲೆ ಒಂದು ಕೊಕ್ಕೆ ಬೇಕು. ಅದಕ್ಕೆ ಚೈನ್ ಬ್ಲಾಕ್ ತೂಗುಹಾಕಿ ಎಂಜಿನ್, ಪಂಪ್, ಗೇರ್‌ಬಾಕ್ಸ್‌ಗಳನ್ನು ಎತ್ತಬೇಕು. ಹೆಚ್ಚೆಂದರೆ ಐದು ಟನ್ ಭಾರ ಬೀಳಬಹುದು. ಅಗಲದ ದಿಕ್ಕಿಗೆ ಒಂದು ಉಕ್ಕಿನ ತೊಲೆ ಹಾಕಿದರೆ ಸಾಕಿತ್ತೇನೋ. ಆದರೂ ಮಾಲೀಕರಿಗೆ ಧೈರ್ಯ ಸಾಲದೆ, ಉದ್ದದ ದಿಕ್ಕಿಗೂ ಅದೇ ಅಳತೆಯ ಇನ್ನೊಂದು ತೊಲೆ ಹಾಕಿಸುತ್ತಾರೆ. ಎರಡೂ ಕೊಕ್ಕೆಯ ಜಾಗದಲ್ಲಿ ಒಂದನ್ನೊಂದು ಅಡ್ಡ ಹಾಯುತ್ತವೆ. ಎರಡು ತೊಲೆ ಇವೆಯಲ್ಲ, ಎರಡೂವರೆ ಟನ್ ಇದಕ್ಕೆ, ಎರಡೂವರೆ ಟನ್ ಅದಕ್ಕೆ ಎಂದು ನೋಡಿದವರೆಲ್ಲ ಅಂದುಕೊಳ್ಳುತ್ತಾರೆ.

ಹಾಗಾಗುವುದಿಲ್ಲ. ಈ ತೊಲೆಗಳಲ್ಲಿ ಗಿಡ್ಡದ್ದು ಮುಕ್ಕಾಲು ಭಾಗಕ್ಕಿಂತ ಹೆಚ್ಚು ಭಾರವನ್ನು ತಾನೇ ಹೊರುತ್ತದೆ. ಹೆಚ್ಚು ಉಕ್ಕು ನುಂಗಿದ, ಹೆಚ್ಚು ದುಡ್ಡು ತಿಂದ ಉದ್ದ ತೊಲೆಯ ಪಾಲಿಗೆ ಬರುವುದು ಕಾಲು ಭಾಗಕ್ಕೂ ಕಡಿಮೆ.

ಹೀಗೆ ಅಡ್ಡ ಹಾಯ್ದು ಭಾರ ಹಂಚಿಕೊಳ್ಳುವ ತೊಲೆಗಳ ಜೋಡಣೆಗೆ ಎಂಜಿನಿಯರುಗಳು ಗ್ರಿಲೇಜ್ ಎನ್ನುತ್ತಾರೆ. ಸೇತುವೆಯ ಡೆಕ್ಕಿನಲ್ಲಿ, ಸಭಾಂಗಣಗಳ ಚೌಕಳಿ ಚಾವಣಿಯಲ್ಲಿ ಇಂಥ ಹತ್ತಾರು ತೊಲೆಗಳು ಹಾಯುತ್ತವೆ. ಬರೀ ಎರಡು ತೊಲೆ, ಒಂದೇ ಹಾಯುವ ಬಿಂದು ಇರುವುದು ಅದರ ಅತಿ ಚಿಕ್ಕ ರೂಪ. ಇದನ್ನು ಕಾಗದ, ಪೆನ್ನಿನಲ್ಲೇ ಬಿಡಿಸಬಹುದು.

ಮೊದಲು ಎದುರಾಗುವ ತೊಡಕು ಇದು. ಗಿಡ್ಡ ತೊಲೆಯ ಪಾಲನ್ನು P₁, ಉದ್ದ ತೊಲೆಯ ಪಾಲನ್ನು P₂ ಎನ್ನೋಣ. ಐದು ಟನ್ ಎಂದರೆ ಲೆಕ್ಕಕ್ಕೆ 50 ಕಿಲೋನ್ಯೂಟನ್. ಎರಡು ಪಾಲು ಸೇರಿ 50 ಆಗಲೇಬೇಕು:

P₁ + P₂ = 50

ಸಮತೋಲದ ನಿಯಮ ಹೇಳುವುದು ಇಷ್ಟೇ. 25 ಮತ್ತು 25 ಆದರೂ ಅದಕ್ಕೆ ಒಪ್ಪಿಗೆ, 40 ಮತ್ತು 10 ಆದರೂ ಒಪ್ಪಿಗೆ. ಗೊತ್ತಿಲ್ಲದ ಸಂಖ್ಯೆಗಳು ಎರಡು, ಸಮೀಕರಣ ಒಂದು. ಬಲಗಳನ್ನು ಮಾತ್ರ ನೋಡುತ್ತ ಕೂತರೆ ಇದು ಬಿಡಿಸಿಕೊಳ್ಳುವುದೇ ಇಲ್ಲ. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಸೇತುವೆ ಮತ್ತು ರಸ್ತೆಗಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕ್ಲೋಡ್-ಲೂಯಿ ನವಿಯೇ ಇಂಥ ತೊಡಕುಗಳಿಗೆ ದಾರಿ ತೋರಿಸಿದವರಲ್ಲಿ ಮುಖ್ಯ. 1826ರಲ್ಲಿ ಅಚ್ಚಾದ ಅವರ ಪಾಠಗಳಲ್ಲಿ ಒಂದು ಮಾರ್ಗ ಕಾಣುತ್ತದೆ: ಬಲದ ಲೆಕ್ಕ ಸಾಲದಿದ್ದಾಗ ವಸ್ತು ಎಷ್ಟು ಹಿಗ್ಗಿತು, ಎಷ್ಟು ಬಾಗಿತು ಎಂಬುದನ್ನು ಕೇಳಬೇಕು. ಕಾಣೆಯಾದ ಸಮೀಕರಣ ಅಲ್ಲಿರುತ್ತದೆ.

ನಮ್ಮ ಕೊಕ್ಕೆಯ ಜಾಗದಲ್ಲೂ ಅದು ಇದೆ. ಗಿಡ್ಡ ತೊಲೆ ಮೇಲೆ, ಉದ್ದ ತೊಲೆ ಅದರ ಕೆಳಗೆ, ನಡುವೆ ಸಂದಿಲ್ಲದೆ ಒಂದಕ್ಕೊಂದು ತಾಗಿ ಕೂತಿವೆ. ಭಾರ ಮೇಲಿನ ತೊಲೆಯ ಮೇಲೆ ಬೀಳುತ್ತದೆ. ಮೇಲಿನದು ನಡುವೆ 5 ಮಿಲಿಮೀಟರ್ ತಗ್ಗಿದರೆ ಕೆಳಗಿನದೂ ಅಷ್ಟೇ ತಗ್ಗಬೇಕು. ಒಂದು ಹೆಚ್ಚು, ಒಂದು ಕಡಿಮೆ ಎನ್ನಲು ಅಲ್ಲಿ ಎಡೆಯೇ ಇಲ್ಲ. ಹಾಯುವ ಬಿಂದುವಿನಲ್ಲಿ ಎರಡರ ತಗ್ಗೂ ಒಂದೇ ಎಂಬುದೇ ಎರಡನೆಯ ಸಮೀಕರಣ.

ಎರಡೂ ತುದಿಯಲ್ಲಿ ಸುಮ್ಮನೆ ಆನಿಕೊಂಡಿರುವ ತೊಲೆಯ ನಡುವೆ P ಭಾರ ಬಿದ್ದರೆ ಅದು ಎಷ್ಟು ತಗ್ಗುತ್ತದೆ ಎಂಬುದಕ್ಕೆ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಬಾಯಿಪಾಠವಾಗಿರುವ ಸೂತ್ರವಿದೆ:

δ = PL³ / 48EI

L ಎಂದರೆ ತೊಲೆಯ ಉದ್ದ. E ಉಕ್ಕಿನ ಗುಣ, ಅದು ಎರಡಕ್ಕೂ ಒಂದೇ. I ಎಂದರೆ ತೊಲೆಯ ಅಡ್ಡಸೀಳಿನ ಆಕಾರ ಬಾಗುವುದನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆ. ಎರಡಕ್ಕೂ ಒಂದೇ ಸೆಕ್ಷನ್ ಹಾಕಿರುವುದರಿಂದ ಅದೂ ಒಂದೇ. ಎರಡು ತಗ್ಗುಗಳನ್ನು ಸಮ ಎಂದು ಬರೆದಾಗ E, I, 48 ಎಲ್ಲವೂ ಎರಡು ಕಡೆಯಿಂದಲೂ ಹೊಡೆದುಹೋಗಿ ಉಳಿಯುವುದು ಇಷ್ಟು:

P₁ × 4³ = P₂ × 6³

ಎಂದರೆ 64 P₁ = 216 P₂. ಗಿಡ್ಡ ತೊಲೆಯ ಪಾಲು ಉದ್ದ ತೊಲೆಯ ಪಾಲಿನ 3.375 ಪಟ್ಟು. ಎರಡೂ ಸೇರಿ 50 ಆಗಬೇಕಾದ್ದರಿಂದ ಗಿಡ್ಡದ್ದಕ್ಕೆ 38.57, ಉದ್ದದ್ದಕ್ಕೆ 11.43 ಕಿಲೋನ್ಯೂಟನ್. ಶೇಕಡಾ 77 ಮತ್ತು 23.

ಇಷ್ಟು ಅಂತರಕ್ಕೆ ಕಾರಣ ಆ ಘನ. ಉದ್ದ ಒಂದೂವರೆ ಪಟ್ಟಾದರೆ ತೊಲೆ ಬಾಗುವುದು ಒಂದೂವರೆ ಪಟ್ಟಲ್ಲ, ಸುಮಾರು ಮೂರೂಕಾಲು ಪಟ್ಟಿಗಿಂತ ಹೆಚ್ಚು. ಒಂದೇ ತಗ್ಗಿಗೆ ಇಳಿಸಲು ಉದ್ದ ತೊಲೆಯನ್ನು ಅಷ್ಟು ಹಗುರವಾಗಿ ಒತ್ತಿದರೆ ಸಾಕು. ಗಿಡ್ಡದ್ದನ್ನು ಜೋರಾಗಿ ಒತ್ತಬೇಕು. ಯಾವುದು ಬಾಗಲು ಒಪ್ಪುವುದಿಲ್ಲವೋ ಭಾರ ಅದರ ಕಡೆಗೆ ಹೋಗುತ್ತದೆ.

ಈಗ ತೊಲೆಯ ಹೆಸರು ಹಿಡಿದೇ ನೋಡೋಣ. ಎರಡೂ ಐಎಸ್‌ಎಂಬಿ 250, ಅಂದರೆ 250 ಮಿಲಿಮೀಟರ್ ಎತ್ತರದ ಐ ಆಕಾರದ ತೊಲೆ. ಮೀಟರಿಗೆ 37.3 ಕಿಲೋ ತೂಕ. ಇದರ I ಬೆಲೆ 5,131.6 ಸೆಂಟಿಮೀಟರ್‌ನ ನಾಲ್ಕನೇ ಘಾತ, ಉಕ್ಕಿನ E ಪ್ರತಿ ಚದರ ಮಿಲಿಮೀಟರಿಗೆ 2 ಲಕ್ಷ ನ್ಯೂಟನ್. ಈ ಅಂಕಿಗಳನ್ನು ಸೂತ್ರಕ್ಕೆ ಹಾಕಿದರೆ ಗಿಡ್ಡ ತೊಲೆಯನ್ನು 1 ಮಿಲಿಮೀಟರ್ ತಗ್ಗಿಸಲು 7.70 ಕಿಲೋನ್ಯೂಟನ್ ಬೇಕು, ಉದ್ದ ತೊಲೆಗೆ 2.28 ಸಾಕು. ಒಂದು ಮಿಲಿಮೀಟರಿಗೆ ಬೇಕಾದ ಈ ಬಲಕ್ಕೆ ಸ್ಟಿಫ್‌ನೆಸ್ ಎಂದು ಹೆಸರು. ಮುಂದಿನ ಲೆಕ್ಕವೆಲ್ಲ ಈ ಎರಡು ಅಂಕಿಗಳ ಮೇಲೇ ನಿಂತಿದೆ. ಎರಡನ್ನೂ ಕೂಡಿಸಿದರೆ 9.98. ಐವತ್ತನ್ನು ಅದರಿಂದ ಭಾಗಿಸಿದರೆ ಕೊಕ್ಕೆ ತಗ್ಗುವುದು 5 ಮಿಲಿಮೀಟರ್.

ಗಿಡ್ಡ ತೊಲೆ ಒಂದೇ ಇದ್ದಿದ್ದರೆ 6.5 ಮಿಲಿಮೀಟರ್ ತಗ್ಗುತ್ತಿತ್ತು. ಅಂದರೆ 149 ಕಿಲೋ ಉಕ್ಕಿನ ಜೊತೆಗೆ ಇನ್ನೂ 224 ಕಿಲೋ ಉಕ್ಕು ಸುರಿದು ಮಾಲೀಕರು ಗಳಿಸಿದ್ದು ಒಂದೂವರೆ ಮಿಲಿಮೀಟರ್. ಉದ್ದ ತೊಲೆ ವ್ಯರ್ಥವಲ್ಲ. ಗಿಡ್ಡದರ ಮೇಲಿನ ಭಾರವನ್ನು ಅದು ಸುಮಾರು ಕಾಲು ಭಾಗ ಇಳಿಸಿದೆ. ಆದರೆ ಕೊಟ್ಟ ಬೆಲೆಗೆ ಅದು ದುಬಾರಿ ನೆರವು. ಅದೇ ದುಡ್ಡಿನಲ್ಲಿ ಗಿಡ್ಡ ತೊಲೆಯನ್ನೇ ಐಎಸ್‌ಎಂಬಿ 300ಕ್ಕೆ ಏರಿಸಿದ್ದರೆ ಒಂಟಿ ತೊಲೆಯೇ 4 ಮಿಲಿಮೀಟರಿಗಿಂತ ಕಡಿಮೆ ತಗ್ಗುತ್ತಿತ್ತು, ಹಣವೂ ಉಳಿಯುತ್ತಿತ್ತು. ಉದ್ದ–ಅಗಲ ಹತ್ತಿರ ಹತ್ತಿರ ಇರುವ ಜಾಗದಲ್ಲಿ ಮಾತ್ರ ಗ್ರಿಲೇಜ್ ನಿಜವಾಗಿ ಲಾಭ ಕೊಡುತ್ತದೆ. ಚೌಕಳಿ ಚಾವಣಿಗಳು ಸಾಮಾನ್ಯವಾಗಿ ಚೌಕಾಕಾರದ ಸಭಾಂಗಣಗಳಿಗೇ ಒಗ್ಗುವುದು ಇದಕ್ಕೇ.

ಸಮಪಾಲು ಬೇಕೇ ಬೇಕು ಎನ್ನುವವರಿಗೂ ದಾರಿಯಿದೆ. ಉದ್ದ ತೊಲೆಯ I ಬೆಲೆಯನ್ನು 3.375 ಪಟ್ಟು ಮಾಡಬೇಕು. ಉಕ್ಕಿನಲ್ಲಾದರೆ ಐಎಸ್‌ಎಂಬಿ 400ರವರೆಗೆ ಹೋಗಬೇಕಾಗುತ್ತದೆ. ಕಾಂಕ್ರೀಟಿನ ಆಯತಾಕಾರದ ತೊಲೆಯಾದರೆ ಲೆಕ್ಕ ಇನ್ನೂ ಚೆಂದ. ಅಲ್ಲಿ I ಬೆಲೆ ಎತ್ತರದ ಘನದಂತೆ ಏರುತ್ತದೆ. ತಗ್ಗು ಉದ್ದದ ಘನದಂತೆ ಏರುತ್ತದೆ. ಒಂದು ಘನ ಇನ್ನೊಂದು ಘನವನ್ನು ಹೊಡೆದುಹಾಕುತ್ತದೆ. ಒಂದೇ ದಪ್ಪದ ಎರಡು ತೊಲೆಗಳಲ್ಲಿ ಉದ್ದವಾದದ್ದು ಒಂದೂವರೆ ಪಟ್ಟು ಉದ್ದವಿದ್ದರೆ ಎತ್ತರವನ್ನೂ ಒಂದೂವರೆ ಪಟ್ಟು ಮಾಡಿ, ಭಾರ ಸಮನಾಗಿ ಒಡೆಯುತ್ತದೆ.

ಇದೇ ವಿಚಾರ ನಮ್ಮ ಮನೆಗಳ ತಾರಸಿಯಲ್ಲೂ ಅಡಗಿದೆ. ನಾಲ್ಕೂ ಗೋಡೆಗಳ ಮೇಲೆ ಕೂತ ಸ್ಲ್ಯಾಬನ್ನು ಎರಡು ದಿಕ್ಕಿನ ಪಟ್ಟಿಗಳ ಹೆಣಿಗೆ ಎಂದು ಭಾವಿಸಿ, ನಟ್ಟನಡುವೆ ಹಾಯುವ ಎರಡು ಪಟ್ಟಿಗಳ ತಗ್ಗು ಒಂದೇ ಎಂದು ಹಿಡಿದು ಭಾರ ಹಂಚುವ ವಿಧಾನಕ್ಕೆ ಜರ್ಮನಿಯ ಫ್ರಾಂಟ್ಸ್ ಗ್ರಾಸ್‌ಹಾಫ್ ಮತ್ತು ಸ್ಕಾಟ್ಲೆಂಡಿನ ವಿಲಿಯಂ ರಾಂಕಿನ್ ಅವರ ಹೆಸರಿದೆ. ಅಲ್ಲಿ ಭಾರ ಬಿಂದುವಿನ ಮೇಲಲ್ಲ, ಉದ್ದಕ್ಕೂ ಹರಡಿರುತ್ತದೆ. ಹಾಗಾಗಿ ಘನದ ಬದಲು ನಾಲ್ಕನೇ ಘಾತ ಬರುತ್ತದೆ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 456ರ 27ನೇ ಕೋಷ್ಟಕದ ಅಂಕಿಗಳು ಈ ಲೆಕ್ಕಕ್ಕೇ ಸರಿಹೊಂದುತ್ತವೆ. ಕೋಣೆಯ ಉದ್ದ ಅಗಲದ ಇಮ್ಮಡಿಯಾದರೆ ಗಿಡ್ಡ ದಿಕ್ಕಿನ ಪಟ್ಟಿ 17ರಲ್ಲಿ 16 ಪಾಲು, ಅಂದರೆ ಶೇಕಡಾ 94ರಷ್ಟು ಹೊರುತ್ತದೆ. ಅದಕ್ಕಿಂತ ಉದ್ದದ ಕೋಣೆಯ ಸ್ಲ್ಯಾಬನ್ನು ಒಂದೇ ದಿಕ್ಕಿನದು ಎಂದು ಲೆಕ್ಕ ಹಾಕುವ ವಾಡಿಕೆಗೆ ಬಲ ಸಿಗುವುದು ಇಲ್ಲಿಂದ.

ಇಲ್ಲಿಯವರೆಗಿನದು ಕಾಗದದ ಲೆಕ್ಕ. ಅದು ನಿಜವಾಗುವುದೋ ಸುಳ್ಳಾಗುವುದೋ ತೀರ್ಮಾನವಾಗುವುದು ಕೊಕ್ಕೆಯ ಜಾಗದ ಕೆಲವೇ ಮಿಲಿಮೀಟರುಗಳಲ್ಲಿ.

ಎರಡು ತೊಲೆಗಳ ನಡುವೆ 2 ಮಿಲಿಮೀಟರ್ ಸಂದು ಉಳಿದಿದೆ ಎನ್ನಿ. ಮೇಲಿನ ಗಿಡ್ಡ ತೊಲೆ ಕೆಳಗಿನದನ್ನು ತಾಗುವ ಮೊದಲೇ 2 ಮಿಲಿಮೀಟರ್ ಬಾಗಬೇಕು. ಅದಕ್ಕೆ 15.4 ಕಿಲೋನ್ಯೂಟನ್ ಬೇಕು, ಅಷ್ಟನ್ನೂ ಅದು ಒಂಟಿಯಾಗಿ ಹೊರುತ್ತದೆ. ಉಳಿದ 34.6 ಮಾತ್ರ ಹಳೆಯ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಕೊನೆಗೆ ಗಿಡ್ಡದರ ಪಾಲು 42.1, ಉದ್ದದರ ಪಾಲು 7.9. ಸಂದು 5 ಮಿಲಿಮೀಟರ್ ಆದರೆ ಉದ್ದ ತೊಲೆಗೆ ಸಿಗುವುದು 2.6 ಕಿಲೋನ್ಯೂಟನ್, ಅಂದರೆ ಐದು ಟನ್ನಿನಲ್ಲಿ ಕಾಲು ಟನ್ನಿನಷ್ಟು. ಆರೂವರೆ ಮಿಲಿಮೀಟರ್ ದಾಟಿದರೆ ಅದು ಕೆಲಸಕ್ಕೇ ಬರುವುದಿಲ್ಲ. ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಕುಳ್ಳನಿದ್ದರೆ ಅವನ ಹೆಗಲಿಗೆ ಕಂಬವೇ ತಾಗದೆ, ಉಳಿದವರು ಹೊತ್ತು ನಡೆದ ಹಾಗೆ. 224 ಕಿಲೋ ಉಕ್ಕು ಮೇಲೆ ಸುಮ್ಮನೆ ಮಲಗಿರುತ್ತದೆ, ಕೆಳಗೆ ನಿಂತವರಿಗೆ ಎರಡು ತೊಲೆ ಹೊರುತ್ತಿವೆ ಎಂಬ ನಂಬಿಕೆ.

ಗೋಡೆಯ ಮೇಲಿನ ಬೇರಿಂಗ್ ಪ್ಲೇಟುಗಳ ಮಟ್ಟದಲ್ಲಿ ನಾಲ್ಕೈದು ಮಿಲಿಮೀಟರ್ ಏರುಪೇರಾಗುವುದು ಸೈಟಿನಲ್ಲಿ ಅಪರೂಪವಲ್ಲ. ತೊಲೆಯ ಸ್ವಂತ ಭಾರವೂ ಕೊಂಚ ಕೈಜೋಡಿಸುತ್ತದೆ: ಉದ್ದ ತೊಲೆ ತನ್ನ ತೂಕಕ್ಕೇ 0.6 ಮಿಲಿಮೀಟರ್ ಜೋತುಬಿದ್ದಿರುತ್ತದೆ, ಗಿಡ್ಡದ್ದು 0.1ರಷ್ಟು ಮಾತ್ರ. ಆದ್ದರಿಂದ ತೊಲೆ ಕೂರಿಸಿದ ಮೇಲೆ ಹಾಯುವ ಜಾಗಕ್ಕೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಂದು ಕಂಡರೆ ಅಳತೆಗೆ ತಕ್ಕ ಪ್ಯಾಕಿಂಗ್ ಪ್ಲೇಟು ಇಟ್ಟು ಬಿಗಿಮಾಡಬೇಕು. ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟರೆ ಮೇಲಿನ ಲೆಕ್ಕಕ್ಕೆ ಅರ್ಥವಿಲ್ಲ.

ಮೇಲೆ ಯಾವುದು, ಕೆಳಗೆ ಯಾವುದು ಎಂಬುದೂ ಮುಖ್ಯ. ಕೊಕ್ಕೆಯನ್ನು ಮೇಲಿನ ತೊಲೆಗೆ ಹಾಕಿದರೆ ಅದು ಕೆಳಗಿನದನ್ನು ಒತ್ತುತ್ತದೆ, ಹಂಚಿಕೆ ತಾನಾಗಿ ಆಗುತ್ತದೆ. ಕೆಳಗಿನ ತೊಲೆಗೆ ಕೊಕ್ಕೆ ಹಾಕಿ, ಎರಡನ್ನೂ ಬೋಲ್ಟಿನಿಂದ ಬಿಗಿಯದೆ ಬಿಟ್ಟರೆ ಕೆಳಗಿನದು ಬಾಗಿ ಮೇಲಿನದರಿಂದ ಕಳಚಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಕೆಳಗಿರುವುದು ಉದ್ದ ತೊಲೆ. ಪೂರ್ತಿ 50 ಕಿಲೋನ್ಯೂಟನ್ ಅದರ ತಲೆಗೇ ಬಂದು, ನಡುವೆ ಸುಮಾರು 22 ಮಿಲಿಮೀಟರ್ ತಗ್ಗುತ್ತದೆ. ಲೆಕ್ಕದಲ್ಲಿ ಅದಕ್ಕೆ ಕೊಟ್ಟಿದ್ದ ಪಾಲಿನ ನಾಲ್ಕು ಪಟ್ಟಿಗೂ ಮಿಕ್ಕಿದ ಭಾರ ಅದು.

ಇನ್ನೂ ಒಂದು ತಪ್ಪಿದೆ, ಮತ್ತು ಅದು ನೋಟಕ್ಕೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವ ಜೋಡಣೆಯಲ್ಲೇ ಅವಿತಿರುತ್ತದೆ. ತಲೆ ತಾಗುವಷ್ಟು ಎತ್ತರ ಕಡಿಮೆಯಿದ್ದಾಗ ಒಂದರ ಮೇಲೊಂದು ಇಡುವುದಿಲ್ಲ. ಎರಡನ್ನೂ ಒಂದೇ ಮಟ್ಟದಲ್ಲಿ ತರುತ್ತಾರೆ. ಆಗ ಒಂದು ತೊಲೆ ಇಡಿಯಾಗಿ ಹಾಯುತ್ತದೆ, ಇನ್ನೊಂದನ್ನು ನಡುವೆ ಕತ್ತರಿಸಿ ಎರಡು ತುಂಡುಗಳನ್ನು ಅದರ ಎರಡು ಮಗ್ಗುಲಿಗೆ ಜೋಡಿಸಬೇಕು. ಫ್ಯಾಬ್ರಿಕೇಶನ್‌ನವರು ರೂಢಿಯಂತೆ ತುಂಡಿನ ನಡು ಹಾಳೆಗೆ, ಅಂದರೆ ವೆಬ್ಬಿಗೆ, ಎರಡು ಆಂಗಲ್ ಕ್ಲೀಟ್ ಹಚ್ಚಿ ಬೋಲ್ಟ್ ಬಿಗಿಯುತ್ತಾರೆ. ಮಾಮೂಲಿ ಅಡ್ಡತೊಲೆಗೆ ಅದು ಸರಿಯಾದ ಜೋಡಣೆಯೇ. ಇಲ್ಲಿ ಅದು ಮೋಸಮಾಡುತ್ತದೆ. ಕ್ಲೀಟು ಹಿಡಿದದ್ದು ಬಾಗಿಲ ಕೀಲಿನಂತೆ ತಿರುಗಲು ಎಡೆಗೊಡುತ್ತದೆ. 6 ಮೀಟರಿನ ತೊಲೆ ಈಗ ತೊಲೆಯೇ ಅಲ್ಲ, ನಡುವೆ ಕೀಲಿರುವ ಎರಡು 3 ಮೀಟರ್ ತುಂಡು. ಅದು ಕೊಕ್ಕೆಯ ಭಾರದಲ್ಲಿ ಒಂದು ಕಿಲೋವನ್ನೂ ಗೋಡೆಗೆ ಮುಟ್ಟಿಸದು. ಸಾಲದ್ದಕ್ಕೆ ತನ್ನ ಅರ್ಧ ತೂಕವನ್ನು ಗಿಡ್ಡ ತೊಲೆಯ ಮೇಲೇ ಹೇರುತ್ತದೆ.

ಅದನ್ನು ಮತ್ತೆ ಒಂದೇ ತೊಲೆಯನ್ನಾಗಿ ಮಾಡಬೇಕಾದರೆ ಮೇಲಿನ ಮತ್ತು ಕೆಳಗಿನ ಫ್ಲೇಂಜುಗಳನ್ನು ಹಾಯುವ ತೊಲೆಯ ಆಚೆಗೂ ಈಚೆಗೂ ಪ್ಲೇಟು ಹಾಕಿ ಬೆಸೆಯಬೇಕು. ಬೆಸುಗೆ ಎಷ್ಟು ಬಲ ತಡೆಯಬೇಕು ಎಂಬುದೂ ನಮ್ಮ ಲೆಕ್ಕದಿಂದಲೇ ಸಿಗುತ್ತದೆ. ಉದ್ದ ತೊಲೆಯ ನಡುವಿನ ಬೆಂಡಿಂಗ್ ಮೊಮೆಂಟ್ 11.43 × 6 / 4, ಅಂದರೆ 17.1 ಕಿಲೋನ್ಯೂಟನ್-ಮೀಟರ್. ಅದನ್ನು ಎರಡು ಫ್ಲೇಂಜುಗಳ ನಡುವಿನ ಸುಮಾರು ಕಾಲು ಮೀಟರ್ ಅಂತರದಿಂದ ಭಾಗಿಸಿದರೆ 70 ಕಿಲೋನ್ಯೂಟನ್ನಿನಷ್ಟು. ಕೆಳಗಿನ ಪ್ಲೇಟನ್ನು ಏಳು ಟನ್ ಬಲ ಎಳೆಯುತ್ತದೆ, ಮೇಲಿನದನ್ನು ಅಷ್ಟೇ ಬಲ ಒತ್ತುತ್ತದೆ. ಚಿಕ್ಕ ಟ್ಯಾಕ್ ವೆಲ್ಡು ಹಾಕಿ ಮುಗಿಸುವ ಕೆಲಸವಲ್ಲ.

ಬೆಸೆದ ಜೋಡಣೆಯಲ್ಲಿ ತೊಲೆಗಳು ಒಂದನ್ನೊಂದು ತಿರುಚುವುದಿಲ್ಲವೇ ಎಂದು ಕೇಳಬಹುದು. ಭಾರ ನಟ್ಟನಡುವೆ ಇರುವವರೆಗೆ ಇಲ್ಲ. ನಡುಬಿಂದುವಿನಲ್ಲಿ ಬಾಗಿದ ತೊಲೆ ಸಮತಟ್ಟಾಗಿರುತ್ತದೆ, ಎಡಕ್ಕೂ ಬಲಕ್ಕೂ ವಾಲಿರುವುದಿಲ್ಲ. ಕೊಕ್ಕೆ ಪಕ್ಕಕ್ಕೆ ಸರಿದರೆ ಮಾತ್ರ ಆ ಜಾಗದಲ್ಲಿ ತೊಲೆ ಓರೆಯಾಗಿ, ತನಗೆ ಬೆಸೆದ ಇನ್ನೊಂದನ್ನು ತಿರುಚತೊಡಗುತ್ತದೆ. ಆಗ ತಗ್ಗು ಒಂದೇ ಎಂಬ ಷರತ್ತಿನ ಜೊತೆಗೆ ತಿರುವೂ ಒಂದೇ ಎಂಬ ಷರತ್ತು ಸೇರುತ್ತದೆ. ಲಾರಿಗಳು ಎಲ್ಲೆಂದರಲ್ಲಿ ನಿಲ್ಲುವ ಸೇತುವೆಯ ಡೆಕ್ಕಿನಲ್ಲಿ ಪ್ರತಿ ಹಾಯುವ ಬಿಂದುವಿಗೂ ಒಂದು ತಗ್ಗು, ಎರಡು ತಿರುವು ಎಂದು ಮೂರು ಸಮೀಕರಣ ಬರೆಯುವುದರಿಂದ ಅದು ಕಂಪ್ಯೂಟರಿನ ಕೆಲಸವಾಗಿಬಿಟ್ಟಿದೆ.

ನಮ್ಮ ವರ್ಕ್‌ಶಾಪಿಗೆ ಕಂಪ್ಯೂಟರ್ ಬೇಡ. ಆದರೆ ತೊಲೆಗಳ ತುದಿ ಗೋಡೆಯಲ್ಲಿ ಹೇಗೆ ಕೂತಿದೆ ಎಂಬುದನ್ನು ನೋಡಲೇಬೇಕು. ಗಿಡ್ಡ ತೊಲೆಯನ್ನು ಹೊತ್ತ ಎರಡೂ ಗೋಡೆ 3 ಮಿಲಿಮೀಟರ್ ಕುಸಿದರೆ ಉದ್ದ ತೊಲೆಯ ಪಾಲು 11.4ರಿಂದ 16.7ಕ್ಕೆ ಜಿಗಿಯುತ್ತದೆ. ಇದಕ್ಕಿಂತ ಅಚ್ಚರಿಯದು ತುದಿಗಳನ್ನು ಬಿಗಿಯಾಗಿ ಹಿಡಿದಾಗ ಆಗುವುದು. ತಿರುಗದಂತೆ ಎರಡು ತುದಿಯನ್ನೂ ಕಚ್ಚಿಹಿಡಿದ ತೊಲೆ ನಾಲ್ಕು ಪಟ್ಟು ಸ್ಟಿಫ್ ಆಗುತ್ತದೆ. ಸೂತ್ರದ 48ರ ಜಾಗಕ್ಕೆ 192 ಬರುತ್ತದೆ. ಉದ್ದ ತೊಲೆಯ ತುದಿಗಳನ್ನು ಕಾಂಕ್ರೀಟ್ ಕಂಬಗಳಲ್ಲಿ ಆಳವಾಗಿ ಹೂತು, ಗಿಡ್ಡದ್ದನ್ನು ಸುಮ್ಮನೆ ಆನಿಸಿದ್ದರೆ ಉದ್ದ ತೊಲೆಯ ಪಾಲು ಶೇಕಡಾ 23ರಿಂದ 54ಕ್ಕೆ ಏರುತ್ತದೆ. ಹಂಚಿಕೆಯೇ ಅಡಿಮೇಲು.

ಕಟ್ಟಿ ಮುಗಿದ ಮೇಲೆ ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಎರಡು ಡಯಲ್ ಗೇಜು ಸಾಕು. ನೆಲದಿಂದ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಾಯುವ ಜಾಗದ ಪಕ್ಕದಲ್ಲೇ ಒಂದನ್ನು ಗಿಡ್ಡ ತೊಲೆಯ ಕೆಳಗೆ, ಇನ್ನೊಂದನ್ನು ಉದ್ದ ತೊಲೆಯ ಕೆಳಗೆ ತಾಗಿಸಬೇಕು. ತೂಕ ಮಾಡಿದ ಭಾರವನ್ನು ಹಂತಹಂತವಾಗಿ, ಕುಲುಕದೆ ಎತ್ತಬೇಕು. ಕೆಳಗೆ ಯಾರೂ ನಿಲ್ಲಬಾರದು. ಎರಡು ಮುಳ್ಳೂ ಮೊದಲಿನಿಂದಲೇ ಜೊತೆಯಾಗಿ ಸರಿದರೆ ಸಂದಿಲ್ಲ. ಗಿಡ್ಡದರ ಮುಳ್ಳು ಓಡುತ್ತ, ಉದ್ದದರದ್ದು ಸ್ವಲ್ಪ ಹೊತ್ತು ಅಲುಗದೆ ನಿಂತು ಆಮೇಲೆ ಹೊರಟರೆ, ಆ ಹೊತ್ತಿಗೆ ಗಿಡ್ಡ ತೊಲೆ ಎಷ್ಟು ತಗ್ಗಿತ್ತೋ ಅಷ್ಟೇ ಸಂದು. ಪೂರ್ತಿ 50 ಕಿಲೋನ್ಯೂಟನ್ ಹೊತ್ತಾಗ ಎರಡೂ 5 ಮಿಲಿಮೀಟರಿನ ಆಸುಪಾಸು ತೋರಿಸಿದರೆ ತೊಲೆಗಳು ಲೆಕ್ಕ ಹಾಕಿದಂತೆಯೇ ನಡೆದುಕೊಳ್ಳುತ್ತಿವೆ. ಎರಡೂ ಸಮನಾಗಿದ್ದು 3 ಮಿಲಿಮೀಟರಿನಲ್ಲೇ ನಿಂತರೆ ಖುಷಿಪಡುವಂತಿಲ್ಲ. ಉದ್ದ ತೊಲೆಯ ತುದಿಗಳನ್ನು ಗೋಡೆ ಹಿಡಿದುಕೊಂಡಿದೆ ಎಂದು ಮೊದಲು ಅನುಮಾನಿಸಬೇಕು. ಹಾಗಿದ್ದರೆ ಅದರ ಪ್ರತಿ ತುದಿಯಲ್ಲೂ ಸುಮಾರು 20 ಕಿಲೋನ್ಯೂಟನ್-ಮೀಟರ್ ಮೊಮೆಂಟ್ ಇಟ್ಟಿಗೆಯನ್ನೋ ಕಂಬವನ್ನೋ ಮೀಟುತ್ತಿರುತ್ತದೆ. ಏಣಿ ಹಾಕಿಕೊಂಡು ಹೋಗಿ, ತೊಲೆ ಗೋಡೆಯೊಳಗೆ ಇಳಿಯುವ ಆ ಎರಡು ಜಾಗಗಳಲ್ಲಿ ಗಾರೆ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು.